ಊದಿ ನೋಡು

ಭಾನುವಾರ ರಾತ್ರಿ ಮಗ್ಗುಲು ಬದಲಿಸುವಾಗ ಬೆಡ್‌ಶೀಟಿನ ಒಂದು ಎಳೆ ನನ್ನ ಕಾಲುಂಗುರಕ್ಕೆ ಸಿಕ್ಕಿಕೊಂಡಿತು. ಎಳೆದರೆ ಗೇಣುದ್ದ ಸುಕ್ಕಿಕೊಂಡು ಬಂತು. ಎಂಟು ತಿಂಗಳ ಹಿಂದೆ ತುಮಕೂರಿನ ಒಂದು ಅಂಗಡಿಯಲ್ಲಿ ತಂದಿದ್ದ ಸ್ಯಾಟೀನ್ ಶೀಟ್ ಅದು, ಅಪ್ಪಟ ಹತ್ತಿ, 600 ಥ್ರೆಡ್ ಕೌಂಟ್, ಅಂದ್ರೆ ಚದರ ಇಂಚಿಗೆ 600 ನೂಲು ಅಂತ ಬರೆದಿತ್ತು.

"ಮುಟ್ಟಿ ನೋಡಿ ಮೇಡಂ" ಅಂದಿದ್ದ ಅಂಗಡಿಯವನು. ಮುಟ್ಟಿದೆ, ಬಿದ್ದೆ. ಅವನು ಸುಳ್ಳೇನೂ ಹೇಳಲಿಲ್ಲ ಬಿಡಿ, ಬೆಣ್ಣೆ ಹಾಗೇ ಇತ್ತು.

ಬೆಳಿಗ್ಗೆ ಅತ್ತೆ ಬಂದು ನೋಡಿದರು. ಶೀಟಿನ ಅಂಚನ್ನು ಬಾಯಿಗೆ ಹಿಡಿದು ಊದಿದರು, ಆಚೆ ಬದಿ ನನ್ನ ಅಂಗೈ ಇಡಿಸಿದರು. ಗಾಳಿ ಬಂದ ಹಾಗೇ ಇಲ್ಲ. ಆಮೇಲೆ ತಮ್ಮ ಹಾಸಿಗೆಯ ಬಿಳಿ ಪರ್ಕೇಲ್ ಶೀಟ್ ತಂದು ಊದಿದರು. ಅಂಗೈ ತಣ್ಣಗಾಯಿತು. "ಮುಟ್ಟಿ ತರ್ತಾರೇನೇ? ಊದಿ ನೋಡ್ಬೇಕು." ವಾರವಿಡೀ ಅದೇ ಮಾತು ಕಿವಿಯಲ್ಲಿ. ಅವರಿಗೆ ನನ್ನ ತಪ್ಪು ಹಿಡಿಯೋದು ಅಂದ್ರೆ ಖುಷಿ, ಆದ್ರೆ ಈ ಸಲ ಸರಿಯಾಗೇ ಹಿಡಿದರು.

ಕಿಟಕಿ ಬೆಳಕಿಗೆ ಎರಡನ್ನೂ ಹಿಡಿದು ನೋಡಿದೆ. ಪರ್ಕೇಲ್‌ನಲ್ಲಿ ಹೊಕ್ಕು ನೂಲು ಹಾಸು ನೂಲಿನ ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ಚಾಪೆ ಹೆಣೆದ ಹಾಗೆ. ಸ್ಯಾಟೀನ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಎಳೆ ದಾಟಿ ಆಮೇಲೆ ಒಂದರ ಕೆಳಗೆ ನುಗ್ಗುತ್ತದೆ. ಹಾಗೆ ಮೇಲೆ ತೇಲುವ ಉದ್ದ ನೂಲೇ ಆ ಹೊಳಪು, ಆ ನುಣುಪು. ಕಾಲುಂಗುರಕ್ಕೆ ಸಿಕ್ಕಿದ್ದೂ ಅದೇ. ಇನ್ನು ಹೆಣಿಗೆ ಕಡಿಮೆ ಇರೋದರಿಂದ ನೂಲುಗಳನ್ನು ಜಾಸ್ತಿ ಒತ್ತಿ ತುಂಬಬಹುದು, ಬಟ್ಟೆ ದಟ್ಟವಾಗಿ ಮೈಗೆ ಅಂಟಿಕೊಳ್ಳುತ್ತದೆ, ಬೆವರು ಆರೋದಿಲ್ಲ. ನಮ್ಮ ಯಜಮಾನರು ಏಪ್ರಿಲ್‌ನಲ್ಲಿ ಫ್ಯಾನಿನ ಕೆಳಗೂ ತೊಯ್ದು ಏಳುವವರು, ಅದಕ್ಕೇ ವಾರಕ್ಕೆ ಎರಡು ಸಲ ಒಗೆತ.

ಒಗೆದಷ್ಟೂ ಆ ತೇಲುವ ನೂಲು ಸವೆಯಿತು. ಅವರ ಹಿಮ್ಮಡಿ ಉಜ್ಜುವ ಕಡೆ ಸಾಸಿವೆ ಕಾಳಿನಂಥ ಉಂಡೆಗಳು ಎದ್ದವು, ಹೊಳಪು ಮಂಕಾಯಿತು. ಅತ್ತೆಯ ಶೀಟ್ ಅದೇ ಬೋರ್‌ವೆಲ್ ನೀರಲ್ಲಿ, ಅದೇ ಮಿಷನ್ನಲ್ಲಿ ನಾಲ್ಕು ವರ್ಷ ಒಗೆದದ್ದು. ಮೊದಲು ಗಂಜಿ ಹಾಕಿದ ಹಾಗೆ ಗರಿಗರಿ ಇತ್ತಂತೆ, ಈಗ ಮೆತ್ತಗಾಗಿದೆ, ಉಂಡೆ ಒಂದೂ ಇಲ್ಲ.

ಆ 600 ಕೂಡ ಎರಡೆಳೆ ಹೊಸೆದ ನೂಲನ್ನು ಎರಡೆರಡಾಗಿ ಎಣಿಸಿದ್ದೇ ಇರಬೇಕು ಅಂತ ನನ್ನ ಗುಮಾನಿ. ಹಾಗೆ ಎಣಿಸಿ ಮಾರೋದು ಹೊಸದೇನಲ್ಲ. ಪರ್ಕೇಲ್‌ಗೆ 200ರಿಂದ 300 ಧಾರಾಳವಾಗಿ ಸಾಕು, ಅದಕ್ಕಿಂತ ದಟ್ಟ ಆದಷ್ಟೂ ಗಾಳಿ ಕಡಿಮೆ.

ಬುಧವಾರ ಪರ್ಕೇಲ್ ತಂದೆ. ಅಂಗಡಿಯಲ್ಲೇ ಊದಿದೆ, ಹುಡುಗ ನಕ್ಕ. ಸುಕ್ಕು ಮಾತ್ರ ವಿಪರೀತ, ಹಸಿ ಇದ್ದಾಗಲೇ ಕೊಡವಿ ಎಳೆದು ಹಾಕಬೇಕು. ಯಜಮಾನರು "ಇದೇನು ಇಸ್ತ್ರಿ ಇಲ್ವಾ" ಅಂದರು, ಹತ್ತು ನಿಮಿಷಕ್ಕೆ ಗೊರಕೆ. ಸ್ಯಾಟೀನನ್ನು ಡಿಸೆಂಬರ್ ಚಳಿಗೆ ಅಂತ ಎತ್ತಿಟ್ಟಿದ್ದೇನೆ, ಆಗ ಸಾಕ್ಸ್ ಹಾಕಿಕೊಂಡೇ ಮಲಗಬೇಕು.