ಬಾಗಿಲು ಹಾಕಿಕೊಳ್ಳಿ ಎನ್ನುವ ಪೊಲೀಸರು

ವಿಡಿಯೋ ಕಾಲ್‌ನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಮೋಸದ ಸುದ್ದಿ ಓದಿದಾಗಲೆಲ್ಲ ಯಾರಾದರೂ ಕೇಳುತ್ತಾರೆ: ಇಷ್ಟು ಓದಿದವರು ಇದನ್ನು ಹೇಗೆ ನಂಬಿದರು? ಓದಿರುವುದರಿಂದಲೇ ನಂಬುತ್ತಾರೆ ಎನ್ನುವುದು ನನ್ನ ಲೆಕ್ಕ.

2024ರ ಆಗಸ್ಟ್ ಕೊನೆಯಲ್ಲಿ ಲೂಧಿಯಾನದ ಜವಳಿ ಉದ್ಯಮಿ, ವರ್ಧಮಾನ್ ಸಮೂಹದ ಎಸ್.ಪಿ. ಓಸ್ವಾಲ್ ಕಳೆದುಕೊಂಡದ್ದು 7 ಕೋಟಿ ರೂಪಾಯಿ. ಆಗ ಅವರಿಗೆ 82 ವರ್ಷ. ದೊಡ್ಡ ಕಂಪನಿ ಕಟ್ಟಿದವರು, ಕಾಗದಪತ್ರ ಓದಲು ಬಾರದವರೇನಲ್ಲ. ಸಿಬಿಐನವರೆಂದು ಹೇಳಿಕೊಂಡವರು ಮನಿ ಲಾಂಡರಿಂಗ್ ಕೇಸಿನಲ್ಲಿ ನಿಮ್ಮ ಹೆಸರಿದೆ ಎಂದರು. ವಿಡಿಯೋ ಕಾಲ್‌ನಲ್ಲೇ ಸುಪ್ರೀಂ ಕೋರ್ಟಿನ ವಿಚಾರಣೆ ನಡೆಯಿತು, ಮುಖ್ಯ ನ್ಯಾಯಮೂರ್ತಿಯ ಹೆಸರಿನಲ್ಲೊಬ್ಬ ಆದೇಶವನ್ನೂ ಕೊಟ್ಟ. ರಾತ್ರಿ ಮಲಗುವಾಗಲೂ ಕ್ಯಾಮೆರಾ ಆನ್ ಇರಬೇಕಿತ್ತು, ಯಾರಿಗೂ ಹೇಳುವಂತಿರಲಿಲ್ಲ. ಕೊನೆಗೆ ಅವರು ಕಂಪನಿಯ ಹಿರಿಯ ಸಿಬ್ಬಂದಿಯೊಬ್ಬರ ಹತ್ತಿರ ಬಾಯಿಬಿಟ್ಟಾಗಲೇ ಇದೆಲ್ಲ ಮೋಸ ಎಂಬುದು ಬಯಲಾಯಿತು. ಪೊಲೀಸರು 5.25 ಕೋಟಿ ವಾಪಸ್ ಹಿಡಿದರು.

ಗಮನಿಸಬೇಕಾದದ್ದು ಇಲ್ಲೇ. ಆ ನಾಟಕ ಬಿದ್ದುಹೋದದ್ದು ಬುದ್ಧಿಯಿಂದಲ್ಲ, ಇನ್ನೊಬ್ಬ ಮನುಷ್ಯನ ಕಿವಿಗೆ ಬಿದ್ದದ್ದರಿಂದ. ಇಂಥ ಮೋಸಕ್ಕೆ ಅವಸರ, ಅಧಿಕಾರ, ಗುಟ್ಟು ಮೂರೂ ಬೇಕು ನಿಜ, ಆದರೆ ಅದನ್ನು ಎತ್ತಿ ನಿಲ್ಲಿಸುವ ಕಂಬ ಗುಟ್ಟೇ. ಅವಸರ ನಾಳೆ ಬೆಳಿಗ್ಗೆಗೆ ಇಳಿಯುತ್ತದೆ, ಅಧಿಕಾರವನ್ನು ಒಂದು ಫೋನಿನಲ್ಲಿ ಪರೀಕ್ಷಿಸಬಹುದು. ಆ ಫೋನ್ ಮಾಡದಂತೆ ತಡೆಯುವುದೇ ಗುಟ್ಟಿನ ಕೆಲಸ.

ಆದ್ದರಿಂದ ಶುರುವಿನಲ್ಲಿ ಹಣದ ಮಾತೇ ಬರುವುದಿಲ್ಲ. ಮೊದಲು ಒಂದು ರೆಕಾರ್ಡೆಡ್ ಧ್ವನಿ: ಎರಡು ಗಂಟೆಯಲ್ಲಿ ನಿಮ್ಮ ಸಿಮ್ ಬಂದ್ ಆಗುತ್ತದೆ, 9 ಒತ್ತಿ. ಒತ್ತಿದರೆ ಮುಂಬೈ ಪೊಲೀಸ್, ಅಲ್ಲಿಂದ ಸಿಬಿಐ. ಸಂಭಾಷಣೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ನಮ್ಮೂರ ಠಾಣೆಗೆ ಫೋನ್ ಮಾಡಿ ಕೇಳೋಣ ಅನ್ನಿಸದಿರಲು ಅದೂ ಒಂದು ಅನುಕೂಲ. ಆಧಾರ್ ನಂಬರ್ ಅವರೇ ಓದಿ ಹೇಳುತ್ತಾರೆ, ನೀವು ಹೌದು ಅನ್ನುತ್ತೀರಿ. ಬಾಗಿಲು ಹಾಕಿಕೊಳ್ಳಿ ಅನ್ನುತ್ತಾರೆ, ಹಾಕುತ್ತೀರಿ. ಕೋಣೆ ಪೂರ್ತಿ ಕ್ಯಾಮೆರಾದಲ್ಲಿ ತೋರಿಸಿ ಅನ್ನುತ್ತಾರೆ. ಹೀಗೆ ಹತ್ತು ಸಣ್ಣ ಮಾತು ಕೇಳಿದವನಿಗೆ ಹನ್ನೊಂದನೆಯದಕ್ಕೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಅಷ್ಟರಲ್ಲಿ ಇನ್ನೊಬ್ಬ ‘ಅಧಿಕಾರಿ’ ಬರುತ್ತಾನೆ, ಮೃದು ದನಿ: ‘ಸರ್, ನೀವು ನಿರಪರಾಧಿ ಅಂತ ನನಗೆ ಗೊತ್ತು. ದುಡ್ಡನ್ನು ವೆರಿಫಿಕೇಷನ್ ಖಾತೆಗೆ ಹಾಕಿ, ಪರಿಶೀಲಿಸಿ ವಾಪಸ್ ಬರುತ್ತೆ.’ ಹೆದರಿದ್ದವನಿಗೆ ಇದು ದಾರಿ ಕಂಡಂತೆ.

ಓದಿದವರಿಗೆ ಇದು ಯಾಕೆ ಬೇಗ ಅಂಟುತ್ತದೆ? ಅವರು ಜೀವನವಿಡೀ ನೋಟಿಸಿಗೆ ಉತ್ತರ ಕೊಟ್ಟು, ಫಾರಂ ತುಂಬಿ ಗೆದ್ದವರು. ಲೆಟರ್‌ಹೆಡ್, ಸೀಲು, ಕೇಸ್ ನಂಬರ್ ಕಂಡರೆ ಸಹಕರಿಸಿ ಬಗೆಹರಿಸಿಕೊಳ್ಳೋಣ ಎನ್ನುತ್ತದೆ ಮನಸ್ಸು. ಜೊತೆಗೆ ಮರ್ಯಾದೆ. ಆಫೀಸಿಗೆ, ಬೀಗರಿಗೆ ಗೊತ್ತಾದರೆ ಎಂಬ ಅಂಜಿಕೆ ಇರುವವರಿಗೆ ಯಾರಿಗೂ ಹೇಳಬೇಡಿ ಅನ್ನುವುದು ಬೆದರಿಕೆಯಲ್ಲ, ಉಪಕಾರ.

ಕಾನೂನು ನಿಜದಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಸೆಕ್ಷನ್ ಪ್ರಕಾರ, ಬಂಧಿಸಿದ ಪೊಲೀಸರೇ ಬಂಧಿತನ ಸಂಬಂಧಿಗೋ ಸ್ನೇಹಿತನಿಗೋ ತಕ್ಷಣ ತಿಳಿಸಬೇಕು. ವಕೀಲರನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ವಿಚಾರಣೆಗೆ ಹಾಜರಾಗಲು ಅದೇ ಸಂಹಿತೆಯ 35ನೇ ಸೆಕ್ಷನ್ನಿನಡಿ ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ವಿಡಿಯೋ ಕಾಲ್‌ನಲ್ಲಿ ಬಂಧನ ಎಂಬುದಂತೂ ಯಾವ ಕಾನೂನಿನಲ್ಲೂ ಇಲ್ಲ. ಹೆಂಡತಿಗೂ ಹೇಳಬೇಡಿ ಅಂದ ಕ್ಷಣವೇ ಅವನು ಪೊಲೀಸಲ್ಲ ಎಂದು ಗೊತ್ತಾಯಿತು. ಬೇರೆ ಪರೀಕ್ಷೆ ಬೇಡ.

ಹೊರಗಿನವರಿಗೂ, ಅದರಲ್ಲೂ ಬ್ಯಾಂಕಿನವರಿಗೆ, ಇದು ಕಾಣುತ್ತದೆ. ಅವಧಿಗೆ ಮೊದಲೇ ಎಫ್‌ಡಿ ಮುರಿಸಲು ಬಂದ ಹಿರಿಯರು, ಹಿಂದೆಂದೂ ಹಣ ಕಳಿಸದ ಖಾತೆಗೆ ಆರ್‌ಟಿಜಿಎಸ್, ಶರ್ಟಿನ ಜೇಬಿನಲ್ಲಿ ಕಟ್ ಆಗದ ಕಾಲ್. ಯಾಕೆ ಸರ್ ಎಂದು ಕೇಳಿದರೆ ‘ಸೈಟ್ ತಗೋತಿದೀನಿ’ ಎಂಬ ಉತ್ತರ ಸಿದ್ಧ, ಅದನ್ನೂ ಮೋಸಗಾರರೇ ಹೇಳಿಕೊಟ್ಟಿರುತ್ತಾರೆ. ಕೌಂಟರಿನಲ್ಲಿ ವಾದಕ್ಕೆ ನಿಂತರೆ ಪ್ರಯೋಜನವಿಲ್ಲ, ಎದುರಿನವರು ಕೇಳುತ್ತಿರುವುದು ಜೇಬಿನೊಳಗಿನ ದನಿಯನ್ನು. ಒಳಗೆ ಕೂರಿಸಿ, ಫೋನನ್ನು ಮೇಜಿನ ಮೇಲೆ ಬಿಟ್ಟು ಬೇರೆ ಕೋಣೆಗೆ ಕರೆದೊಯ್ದು, ಒಂದು ಚೀಟಿಯಲ್ಲಿ ಬರೆದು ಕೇಳಬೇಕು: ‘ಯಾರಾದರೂ ಹೆದರಿಸುತ್ತಿದ್ದಾರಾ?’ ಮಗನಿಗೋ ಮಗಳಿಗೋ ಬೇರೆ ಫೋನಿನಿಂದ ಕಾಲ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು ಮೊದಲ ಕೆಲಸ. ಆ ದುಡ್ಡು ಯಾರದೋ ಹೆಸರಿನ ಒಂದು ಬಾಡಿಗೆ ಖಾತೆಯಿಂದ ಹಲವು ಖಾತೆಗಳಿಗೆ ಒಡೆದು ಹೋಗುತ್ತಿರುತ್ತದೆ. ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರಷ್ಟೇ ತಡೆಯಲು ಸಾಧ್ಯ. ವರ್ಗಾವಣೆಯನ್ನು ಗುರುತಿಸುವ ಯುಟಿಆರ್ ನಂಬರ್, ಮೊತ್ತ, ಸಮಯ, ಹೋದ ಖಾತೆಯ ನಂಬರ್ ಇವಿಷ್ಟು ಎದುರಿಗಿಟ್ಟುಕೊಂಡು ಮಾತನಾಡಿ. ಆಮೇಲೆ cybercrime.gov.in ನಲ್ಲಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಚಾಟ್ ಅಳಿಸಬೇಡಿ. ನಾಚಿಕೆಯಿಂದ ಮೊದಲು ಅಳಿಸುವುದು ಅದನ್ನೇ, ತನಿಖೆಗೆ ಬೇಕಾಗುವುದೂ ಅದೇ.