ಕಪ್ಪಾಗಿ ಕಂಡ ಕೆಂಪು ಸೀರೆ

ಅಜ್ಜಿ ನನಗೆ ಒಪ್ಪಿಸಿದ್ದು ಎರಡು ಕೆಲಸಗಳನ್ನು. ತಮ್ಮ ಮದುವೆಯ ಕಪ್ಪು ಬಿಳುಪು ಫೋಟೊಕ್ಕೆ ಬಣ್ಣ ತುಂಬಬೇಕು. ಜೊತೆಗೆ, ಅದರಲ್ಲಿ ತಾತ ತೊಟ್ಟಿರುವ ದೊಗಳೆ ಕೋಟನ್ನು ಅವರ ಮೈಗೆ ಒಪ್ಪುವಂತೆ ಮಾಡಿ, ಇಬ್ಬರನ್ನೂ ಇನ್ನಷ್ಟು ಹತ್ತಿರ ನಿಲ್ಲಿಸಬೇಕು. ‘ಆ ಕೋಟು ನಿಮ್ಮ ತಾತನದಲ್ಲ ಕಣೋ, ಸ್ಟುಡಿಯೊದವರದು. ಬಂದವರಿಗೆಲ್ಲ ಅದನ್ನೇ ತೊಡಿಸುತ್ತಿದ್ದರು’ ಎಂದರು. ಚಿತ್ರಗಳನ್ನು ತಿದ್ದುವುದೇ ನನ್ನ ಹೊಟ್ಟೆಪಾಡಾದ್ದರಿಂದ ಇವು ನನಗೆ ಹೊಸ ಬಗೆಯ ಕೆಲಸಗಳೇನೂ ಆಗಿರಲಿಲ್ಲ. ಆದರೆ ಚಿತ್ರದಲ್ಲಿರುವ ವ್ಯಕ್ತಿಯೇ ಪಕ್ಕದಲ್ಲಿ ಕುಳಿತು ಕೆಲಸ ಮಾಡಿಸುವುದು ನನ್ನ ಪಾಲಿಗೆ ಹೊಸತಾಗಿತ್ತು.

ಫೋಟೊ ಸುಮಾರು 6 ಅಂಗುಲ ಉದ್ದ, 4 ಅಂಗುಲ ಅಗಲದ್ದು. ಅದನ್ನು ಚೌಕಟ್ಟಿನಿಂದ ಬಿಡಿಸಿ, ಕಪ್ಪು ಬಿಳುಪಿನ ಚಿತ್ರವಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿದೆ. ಹಾಗೇಕೆಂದು ಅಜ್ಜಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಹಳೆಯ ಕಾಗದದ ಮೇಲಿನ ಕಲೆಗಳು ಹೆಚ್ಚಾಗಿ ಹಳದಿ ಅಥವಾ ಕಂದು ಬಣ್ಣದವು. ಹಳದಿ ಎಂದರೆ ನೀಲಿ ಬೆಳಕನ್ನು ನುಂಗಿ ಕೆಂಪು ಬೆಳಕನ್ನು ಹಿಂದಿರುಗಿಸುವ ಬಣ್ಣ. ಆದ್ದರಿಂದ ಬಣ್ಣದ ಸ್ಕ್ಯಾನನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಾಗಿ ಬಿಡಿಸಿ ನೋಡಿದಾಗ ನೀಲಿ ಚಾನೆಲ್‌ನಲ್ಲಿ ಕಲೆ ಢಾಳಾಗಿ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಬಹುಮಟ್ಟಿಗೆ ಮಾಯವಾಗಿರುತ್ತದೆ. ಅಜ್ಜಿಯ ಸೆರಗಿನ ಮೇಲೆ ಹರಡಿದ್ದ ನೀರಿನ ಕಲೆಗೂ ಇದೇ ಆಯಿತು. ಕೆಂಪು ಚಾನೆಲ್ ಒಂದನ್ನೇ ಉಳಿಸಿಕೊಂಡು ಅದನ್ನು ಕಪ್ಪು ಬಿಳುಪಿನ ಮೂಲವಾಗಿ ಇಟ್ಟುಕೊಂಡೆ. ಗಂಟೆಗಟ್ಟಲೆ ಕುಳಿತು ಒರೆಸಬೇಕಾಗಿದ್ದ ಕಲೆ ಹಾಗೆಯೇ ಹೋಯಿತು.

ಗೀರುಗಳದ್ದು ಬೇರೆ ಕಥೆ. ತಾತನ ಎಡ ಹುಬ್ಬಿನ ಮೇಲೆ ಬಿಳಿಯ ಗೆರೆಯೊಂದಿತ್ತು. ಅಂಥ ಗೆರೆಗಳು ಹಿನ್ನೆಲೆಯ ಪರದೆಯ ಮೇಲೂ ಬೇಕಾದಷ್ಟಿದ್ದವು. ಅವನ್ನೆಲ್ಲ ಅಳಿಸುತ್ತ ಬಂದವನು ಹುಬ್ಬಿನ ಬಳಿ ನಿಂತೆ. ಕಾಗದದ ಮೇಲಿನ ಗೀರು ಚಿತ್ರದ ಪದರವನ್ನೇ ಹರಿದಿರುತ್ತದೆ. ಅದರ ಅಂಚು ಚೂಪಾಗಿರುತ್ತದೆ, ಚಿತ್ರದ ತುಂಬ ಸಣ್ಣ ಚುಕ್ಕೆಗಳಂತೆ ಕಾಣುವ ಫಿಲ್ಮಿನ ಹರಳು ಅದರೊಳಗೆ ಇರುವುದಿಲ್ಲ, ಕೆನ್ನೆಯ ತಗ್ಗಿಗೂ ಹಣೆಯ ಉಬ್ಬಿಗೂ ಲಕ್ಷ್ಯ ಕೊಡದೆ ನೇರವಾಗಿ ಸಾಗುತ್ತದೆ. ಈ ಗೆರೆಯ ಅಂಚು ಮೃದುವಾಗಿತ್ತು, ಮುಖದ ಉಳಿದ ಭಾಗದ ಹರಳೇ ಅದರೊಳಗೂ ಇತ್ತು, ಒಂದು ಬದಿಗೆ ತೆಳ್ಳನೆಯ ನೆರಳೂ ಇತ್ತು. ಅಳಿಸುವ ಮುನ್ನ ಅಜ್ಜಿಗೆ ತೋರಿಸಿದೆ. ‘ಅದು ಚಿಕ್ಕಂದಿನಲ್ಲಿ ಬಿದ್ದು ಮಾಡಿಕೊಂಡ ಗಾಯ, ಅದನ್ನು ಮುಟ್ಟಬೇಡ’ ಎಂದರು. ನಾನು ಹುಟ್ಟುವ ಹೊತ್ತಿಗೆ ತಾತನ ಹುಬ್ಬು ದಟ್ಟವಾಗಿ ಬೆಳೆದು ಅದನ್ನು ಮುಚ್ಚಿತ್ತಂತೆ.

ಬಣ್ಣದ ವಿಷಯಕ್ಕೆ ಬಂದಾಗ ನಮ್ಮಿಬ್ಬರ ನಡುವೆ ತಕರಾರು ಶುರುವಾಯಿತು. ಸೀರೆ ಕೆಂಪಗಿತ್ತು, ರವಿಕೆ ನೀಲಿಯದಾಗಿತ್ತು ಎಂದು ಅಜ್ಜಿ ಖಡಾಖಂಡಿತವಾಗಿ ಹೇಳಿದರು. ಫೋಟೊದಲ್ಲಿ ಸೀರೆ ಹೆಚ್ಚುಕಡಿಮೆ ಕಪ್ಪಾಗಿಯೇ ಇತ್ತು. ರವಿಕೆಯೋ ಬಿಳಿಗೆ ತೀರ ಸಮೀಪವಿತ್ತು. ಅವರ ತಂಗಿಯನ್ನು ಫೋನಿನಲ್ಲಿ ವಿಚಾರಿಸಿದರೆ, ಸೀರೆ ಹಸಿರಿನದು ಎಂದು ಅವರದೊಂದು ವಾದ. ಬೂದು ಬಣ್ಣದಿಂದ ಮೂಲ ಬಣ್ಣವನ್ನು ಲೆಕ್ಕ ಹಾಕಿ ತೆಗೆಯಬಹುದೆಂದು ಅನೇಕರು ನಂಬಿದ್ದಾರೆ, ಅದು ಸಾಧ್ಯವಿಲ್ಲ. ಫಿಲ್ಮು ಉಳಿಸಿಕೊಂಡಿರುವುದು ಎಷ್ಟು ಬೆಳಕು ಬಂತು ಎಂಬುದನ್ನು ಮಾತ್ರ. ಒಂದೇ ಬೂದುಛಾಯೆಯ ಹಿಂದೆ ಕೆಂಪು, ಹಸಿರು, ನೇರಳೆ ಯಾವುದು ಬೇಕಾದರೂ ಇದ್ದಿರಬಹುದು. ಆದರೂ ಬೂದುಛಾಯೆ ಪೂರ್ತಿ ಮೂಕವಲ್ಲ. ಒಬ್ಬರ ನೆನಪು ಅದಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಬಹುದು, ಆ ಫಿಲ್ಮು ಬಣ್ಣಗಳನ್ನು ಹೇಗೆ ನೋಡುತ್ತಿತ್ತು ಎಂಬುದು ತಿಳಿದಿದ್ದರೆ.

ಸುಳಿವು ಸಿಕ್ಕಿದ್ದು ಅಜ್ಜಿಯ ಇನ್ನೊಂದು ದೂರಿನಿಂದ. ‘ನಿಮ್ಮ ತಾತ ಇಷ್ಟು ಕಪ್ಪಗಿರಲಿಲ್ಲ’ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆಗ ತುಟಿಗಳನ್ನು ದೊಡ್ಡದು ಮಾಡಿ ನೋಡಿದೆ. ಇಬ್ಬರ ತುಟಿಗಳೂ ಮಸಿ ಬಳಿದಂತೆ ಕಪ್ಪಾಗಿದ್ದವು. ತುಟಿಯ ಬಣ್ಣ ಕೆಂಪಿನ ಕಡೆಗಿರುವುದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ, ಹಾಗಾಗಿ ಪ್ರತಿ ಹಳೆಯ ಚಿತ್ರದಲ್ಲೂ ಅದು ನಮಗಾಗಿ ಉಳಿದಿರುವ ಒಂದು ಒರೆಗಲ್ಲು. ಹಿಂದೆ ಆರ್ಥೊಕ್ರೊಮ್ಯಾಟಿಕ್ ಎಂಬ ಬಗೆಯ ಫಿಲ್ಮುಗಳಿದ್ದವು. ಅವು ನೀಲಿ ಮತ್ತು ಹಸಿರು ಬೆಳಕನ್ನು ಗ್ರಹಿಸುತ್ತಿದ್ದವೇ ಹೊರತು ಕೆಂಪನ್ನು ಕಾಣುತ್ತಿರಲಿಲ್ಲ. ಕತ್ತಲ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು, ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತಲೇ ತೊಳೆಯಬಹುದಾಗಿದ್ದುದು ಅವುಗಳ ದೊಡ್ಡ ಅನುಕೂಲ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೂ ಭಾವಚಿತ್ರಗಳಿಗೆ ಅವುಗಳ ಬಳಕೆ ಒಮ್ಮೆಲೇ ನಿಂತುಹೋಗಲಿಲ್ಲ. ಇಂಥ ಫಿಲ್ಮಿನಲ್ಲಿ ಕೆಂಪು ಬಟ್ಟೆ ಕಪ್ಪಾಗುತ್ತದೆ, ನೀಲಿ ಬಟ್ಟೆ ಬೆಳ್ಳಗಾಗುತ್ತದೆ. ಮನುಷ್ಯನ ಚರ್ಮ ಹೆಚ್ಚು ಹಿಂದಿರುಗಿಸುವುದು ಕೆಂಪು ಬೆಳಕನ್ನೇ ಆದ್ದರಿಂದ ಮುಖವೂ ಇದ್ದದ್ದಕ್ಕಿಂತ ಕಪ್ಪಾಗಿ ಬೀಳುತ್ತದೆ. ಅಜ್ಜಿಯ ಮೂರು ಮಾತುಗಳಿಗೂ ಒಂದೇ ಕಾರಣ ದೊರಕಿತು. ಹಸಿರು ಸೀರೆಯಾಗಿದ್ದರೆ ಅದು ಇಷ್ಟು ಕಪ್ಪಾಗಬೇಕಿರಲಿಲ್ಲ. ತೀರ ಗಾಢವಾದ ಹಸಿರಾಗಿದ್ದರೆ ಆಗಿರಲೂಬಹುದು. ಹೀಗೆ ತಂಗಿಯ ವಾದವನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲವೆಂದು ಹೇಳಿದ್ದು ಅಜ್ಜಿಗೆ ಅಷ್ಟೇನೂ ರುಚಿಸಲಿಲ್ಲ.

ಇದರಿಂದ ಕೆಲಸದ ಕ್ರಮವೇ ಬದಲಾಯಿತು. ಸಾಮಾನ್ಯವಾಗಿ ಬಣ್ಣ ತುಂಬುವವರು ಒಂದೊಂದು ವಸ್ತುವಿಗೂ ಲೇಯರ್ ಎಂಬ ಒಂದೊಂದು ಪದರ ಮಾಡಿ, ಬಣ್ಣ ಆಚೆ ಹರಡದಂತೆ ವಸ್ತುವಿನ ಆಕಾರಕ್ಕೆ ಮಾಸ್ಕ್ ಕತ್ತರಿಸಿ, ಪದರವು ಕೆಳಗಿನ ಚಿತ್ರದೊಡನೆ ಬೆರೆಯುವ ಬಗೆಗಳಲ್ಲೊಂದಾದ ಕಲರ್ ಎಂಬ ಬ್ಲೆಂಡ್ ಮೋಡ್‌ನಲ್ಲಿ ಬಣ್ಣ ಹಚ್ಚುತ್ತಾರೆ. ಆ ಮೋಡ್ ಕೆಳಗಿನ ಚಿತ್ರದ ಬೆಳಕು ನೆರಳನ್ನು ಹಾಗೆಯೇ ಉಳಿಸಿ ಬಣ್ಣವನ್ನು ಮಾತ್ರ ಸೇರಿಸುತ್ತದೆ. ಕಪ್ಪಿನ ಮೇಲೆ ಎಷ್ಟು ಕೆಂಪು ಸುರಿದರೂ ಅದು ಕಪ್ಪಾಗಿಯೇ ಉಳಿಯುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲು ಬೆಳಕು ನೆರಳನ್ನು ಏರಿಳಿಸುವ ಕರ್ವ್ಸ್ ಹಾಕಿ ಸೀರೆಯ ಭಾಗವನ್ನು ಬೆಳಗಿಸಿ, ರವಿಕೆಯನ್ನು ಒಂದಿಷ್ಟು ಕಪ್ಪಿಗೆ ಇಳಿಸಿ, ಮುಖಗಳನ್ನು ಸ್ವಲ್ಪ ಮೇಲೆತ್ತಿ, ಫಿಲ್ಮು ಕಾಣದೆ ಬಿಟ್ಟಿದ್ದನ್ನು ಸರಿದೂಗಿಸಿದೆ. ಹೀಗೆ ಬೆಳಗಿಸುವುದಕ್ಕೂ ಮಿತಿಯಿದೆ: ನೆರಳಿನಲ್ಲಿ ಫಿಲ್ಮು ಏನನ್ನೂ ಹಿಡಿದಿಡದಿದ್ದ ಕಡೆ ಬರೀ ಹರಳು ಮೇಲೆದ್ದು ಬರುತ್ತದೆ. ನೆರಿಗೆಯ ಆಳದಲ್ಲಿ ಹಾಗಾಗತೊಡಗಿದಾಗ ಅಲ್ಲಿಗೇ ಬಿಟ್ಟು, ಆ ಭಾಗವನ್ನು ಕಪ್ಪಾಗಿಯೇ ಉಳಿಸಿದೆ.

ಬಣ್ಣ ಹಚ್ಚುವಾಗ ನನ್ನ ಗಮನ ಹೆಚ್ಚು ಹೋದದ್ದು ಚರ್ಮದ ಕಡೆಗೆ. ಇಡೀ ಮುಖಕ್ಕೆ ಒಂದೇ ಬಣ್ಣ ಬಳಿದರೆ ಬೊಂಬೆಯ ಮುಖವಾಗುತ್ತದೆ. ಕಿವಿಯ ಅಂಚು, ಕೆನ್ನೆ, ಬೆರಳ ಗೆಣ್ಣುಗಳಲ್ಲಿ ಕೆಂಪು ಹೆಚ್ಚಿರಬೇಕು. ಹಣೆಯಲ್ಲಿ ಹಳದಿ ಇಣುಕಬೇಕು. ಕ್ಷೌರ ಮಾಡಿಕೊಂಡ ಗಂಡಸಿನ ಗದ್ದದಲ್ಲಿ ನೀಲಿ ಬೆರೆತ ಬೂದು ತೆಳುವಾಗಿ ಕಾಣಬೇಕು. ಸೀರೆಯ ಜರಿಯದೂ ಹೀಗೆಯೇ: ಹಳದಿ ಬಳಿದರೆ ಅದು ಅರಿಶಿನವಾಗುತ್ತದೆಯೇ ಹೊರತು ಚಿನ್ನವಾಗುವುದಿಲ್ಲ. ಹೊಳೆಯುವ ಚುಕ್ಕೆಗಳನ್ನು ಬಹುತೇಕ ಬಿಳಿಯಾಗಿ ಬಿಟ್ಟು, ನೆರಳನ್ನು ಕಂದು ಬಣ್ಣಕ್ಕೆ ಇಳಿಸಿ, ನಡುವೆ ಮಾತ್ರ ಹಳದಿಯಿಟ್ಟಾಗ ಅಜ್ಜಿ ಕಂಪ್ಯೂಟರ್ ಪರದೆಯ ಹತ್ತಿರಕ್ಕೆ ಬಾಗಿದರು. ಕೆಂಪಿನಲ್ಲಿ ಮಾತ್ರ ಅವರಿಗೆ ಬೇಗ ತೃಪ್ತಿಯಾಗಲಿಲ್ಲ. ನಾನು ಒಂದೊಂದೇ ಛಾಯೆಯನ್ನು ಜರುಗಿಸುತ್ತ ಹೋದೆ. ಅವರು ‘ಇನ್ನೂ ಗಾಢ’, ‘ಇಷ್ಟು ಬೇಡ’ ಎನ್ನುತ್ತ ಬಂದು, ನೇರಳೆ ಒಂದಿಷ್ಟು ಬೆರೆತ ಕೆಂಪೊಂದರ ಬಳಿ ‘ನಿಲ್ಲಿಸು’ ಎಂದರು.

ಕೋಟು ಮತ್ತು ಅಂತರದ ಕೆಲಸವನ್ನು ಬಣ್ಣಕ್ಕೂ ಮೊದಲೇ ಮುಗಿಸಿದ್ದೆ. ಆಕಾರ ಬದಲಿಸುವುದು ಯಾವಾಗಲೂ ಮೊದಲಾಗಬೇಕು, ಇಲ್ಲವಾದರೆ ಕತ್ತರಿಸಿಟ್ಟ ಮಾಸ್ಕುಗಳೆಲ್ಲ ವ್ಯರ್ಥವಾಗುತ್ತವೆ. ಕೋಟಿನ ಭುಜದ ಹೊಲಿಗೆ ತಾತನ ಭುಜಕ್ಕಿಂತ ಎರಡು ಬೆರಳಿನಷ್ಟು ಕೆಳಗೆ ಜೋಲುತ್ತಿತ್ತು, ತೋಳು ಬೆರಳ ಗೆಣ್ಣಿನವರೆಗೆ ಇಳಿದಿತ್ತು. ಚಿತ್ರವನ್ನು ಹಿಟ್ಟಿನಂತೆ ಎಳೆದಾಡಿಸುವ ಲಿಕ್ವಿಫೈ ಎಂಬ ಸಾಧನ ಬಳಸಿ ಭುಜವನ್ನು ಒಳಕ್ಕೆ ತಳ್ಳಬಹುದು, ಆದರೆ ತಳ್ಳಿದ ಕಡೆಯೆಲ್ಲ ಹರಳು ಎಳೆದಂತಾಗಿ ಕಳ್ಳತನ ಬಯಲಾಗುತ್ತದೆ. ಅಲ್ಲಿ ಹರಳನ್ನು ಅಳಿಸಿ, ಮೇಲಿನಿಂದ ಅದೇ ಗಾತ್ರದ ಹೊಸ ಹರಳನ್ನು ಹೊದಿಸಿದೆ. ತೋಳನ್ನು ಗಿಡ್ಡ ಮಾಡುವುದು ಇದಕ್ಕಿಂತ ಕಷ್ಟವಾಯಿತು, ಏಕೆಂದರೆ ತೋಳಿನ ಕೆಳಗೆ ಮುಚ್ಚಿಹೋಗಿದ್ದ ಮಣಿಕಟ್ಟನ್ನು ಯಾರೂ ಫೋಟೊ ತೆಗೆದೇ ಇರಲಿಲ್ಲ. ಇಲ್ಲದ್ದನ್ನು ಎಲ್ಲಿಂದಲಾದರೂ ತರಬೇಕು. ಫೋಟೊದಲ್ಲಿ ಬೆಳಕು ಎಡದಿಂದ ಬೀಳುತ್ತಿದ್ದುದನ್ನು ಗಮನಿಸಿ, ಕಿಟಕಿಯನ್ನು ಎಡಕ್ಕಿರಿಸಿಕೊಂಡು ನನ್ನದೇ ಕೈಯನ್ನು ಅದೇ ಭಂಗಿಯಲ್ಲಿ ತೆಗೆದು ಸೇರಿಸಿದೆ.

ಇಬ್ಬರನ್ನೂ ಹತ್ತಿರ ತರುವುದು ಕೇಳಲು ಸುಲಭ. ತಾತನನ್ನು ಬೇರೆ ಲೇಯರಿಗೆ ಎತ್ತಿಕೊಂಡು ಅಜ್ಜಿಯತ್ತ ಸರಿಸಿ, ಅವರು ಮೊದಲು ನಿಂತಿದ್ದ ಜಾಗದ ಪರದೆಯನ್ನು ಅಕ್ಕಪಕ್ಕದಿಂದ ತುಂಬಿದ್ದಾಯಿತು. ಅಷ್ಟಾದರೂ ಇಬ್ಬರೂ ಬೇರೆ ಬೇರೆ ಫೋಟೊಗಳಿಂದ ಅಂಟಿಸಿದವರಂತೆಯೇ ಕಾಣುತ್ತಿದ್ದರು. ಹತ್ತಿರ ನಿಂತವರ ನೆರಳು ಒಬ್ಬರ ಮೇಲೊಬ್ಬರದು ಬೀಳುತ್ತದೆ. ನಡುವೆ ಗೇಣು ಅಂತರವಿದ್ದಾಗ ಬೀಳದಿದ್ದ ಆ ನೆರಳನ್ನು ನಾನೇ ಬರೆಯಬೇಕಿತ್ತು. ಅಜ್ಜಿ ಎಡಕ್ಕಿದ್ದುದರಿಂದ ಅವರ ನೆರಳನ್ನು ತಾತನ ತೋಳಿನ ಮೇಲೆ ಮೃದುವಾಗಿ ಎಳೆದೆ, ಕಾಲ ಬಳಿ ಇಬ್ಬರ ನೆರಳುಗಳನ್ನೂ ಕೂಡಿಸಿದೆ. ಅಷ್ಟರಿಂದಲೇ ಚಿತ್ರ ಒಂದಾಯಿತು. ಹಿನ್ನೆಲೆಯ ಪರದೆಯ ಮೇಲೆ ಬರೆದಿದ್ದ ಕಂಬಗಳನ್ನು ತೆಗೆದು ತೋಟವೊಂದನ್ನು ಹಾಕಲೇ ಎಂದು ಕೇಳಿದ್ದಕ್ಕೆ, ‘ನಾವು ತೋಟಕ್ಕೆ ಹೋಗಿರಲಿಲ್ಲ’ ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. ಹತ್ತಿರ ನಿಂತೂ ಇರಲಿಲ್ಲವಲ್ಲ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ.

ಎರಡು ಪ್ರತಿ ಅಚ್ಚು ಹಾಕಿಸಿದೆವು: ಕಲೆ ಮತ್ತು ಗೀರುಗಳನ್ನಷ್ಟೇ ತೆಗೆದ ಕಪ್ಪು ಬಿಳುಪಿನದೊಂದು, ಬಣ್ಣದ್ದೊಂದು. ಮೂಲ ಫೋಟೊವನ್ನು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಬೇರೆಯೇ ಇಟ್ಟೆ. ಹೀಗೆ ತಿದ್ದಿದ ಚಿತ್ರಗಳ ಹಿಂಬದಿಯಲ್ಲಿ ಏನನ್ನು ಬದಲಿಸಲಾಗಿದೆ ಎಂದು ಬರೆದಿಡುವುದು ನನ್ನ ರೂಢಿ, ಏಕೆಂದರೆ ಮುಂದಿನ ತಲೆಮಾರಿನವರು ಇದನ್ನೇ ದಾಖಲೆಯೆಂದು ತಿಳಿದುಬಿಡುತ್ತಾರೆ. ಬಣ್ಣಗಳು ಅಜ್ಜಿಯ ನೆನಪಿನಂತೆ, ಕೋಟಿನ ಅಳತೆ ಮತ್ತು ನಿಂತ ಅಂತರ ಬದಲಿಸಿದ್ದು, ಬಲ ಮಣಿಕಟ್ಟು ಮೊಮ್ಮಗನದು ಎಂದು ಪೆನ್ಸಿಲಿನಲ್ಲಿ ಬರೆದು ಓದಿ ಹೇಳಿದೆ. ಅಜ್ಜಿ ಕೇಳಿಸಿಕೊಂಡು, ಸೀರೆ ಹಸಿರೆಂದು ತಂಗಿ ಹೇಳುತ್ತಾಳೆ ಎಂಬುದನ್ನೂ ಸೇರಿಸು ಎಂದರು. ಬರೆದಾದ ಮೇಲೆ, ‘ಅವಳಿಗೆ ಆಗ ಆರು ವರ್ಷ, ಅದನ್ನೂ ಬರೆ’ ಎಂದರು.