ಎರಡು ಟೋಟಲ್ ಒಂದೇ ಬಂದರೆ ಸಾಲದು: ಫೋಟೋದಲ್ಲಿ ಬಂದ ಟ್ರಯಲ್ ಬ್ಯಾಲೆನ್ಸ್ ಓದುವಾಗ

ಡೆಬಿಟ್ 92,43,050. ಕ್ರೆಡಿಟ್ 92,43,050. ಒಂದು ರೂಪಾಯಿಯೂ ಆಚೀಚೆ ಇರಲಿಲ್ಲ. ಆದರೂ ಆ ಶೀಟಿನಲ್ಲಿ ಬರಬೇಕಾದ ಬಾಕಿ ಜಾಸ್ತಿ ಇತ್ತು, ಗಿರಾಕಿ ಕೊಟ್ಟ ಮುಂಗಡ ಅಂಗಡಿಯ ಆಸ್ತಿಯಾಗಿ ಕೂತಿತ್ತು, ಕೈಮೀರಿ ಹಣ ತೆಗೆದ ಪಾರ್ಟ್ನರ್ ಬಂಡವಾಳ ಹಾಕಿದವರ ಹಾಗೆ ಕಾಣುತ್ತಿದ್ದರು. ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಪಾರ್ಟಿ ಒಂದು ಸಣ್ಣ ಪಾಲುದಾರಿಕೆ ಅಂಗಡಿ. ಪಂಪ್‌ಸೆಟ್, ಪೈಪು ಮಾರುತ್ತಾರೆ. ಓವರ್‌ಡ್ರಾಫ್ಟ್, ಅಂದರೆ ಓಡಿ, ರಿನ್ಯೂವಲ್‌ಗೆ ಬ್ಯಾಂಕಿನವರು ಪ್ರೊವಿಷನಲ್ ಬ್ಯಾಲೆನ್ಸ್ ಶೀಟ್ ಕೇಳಿದ್ದರು, ಅದೂ ಅವತ್ತೇ ಸಂಜೆಯೊಳಗೆ. ಅಂಗಡಿಯ ಅಕೌಂಟೆಂಟ್ ಟ್ಯಾಲಿ ಸಾಫ್ಟ್‌ವೇರ್‌ನಿಂದ ಟ್ರಯಲ್ ಬ್ಯಾಲೆನ್ಸ್, ಅಂದರೆ ಟಿಬಿ, ಪ್ರಿಂಟ್ ತೆಗೆದು, ಮೂರು ಪುಟಗಳನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪ್ ಮಾಡಿದ್ದರು. ಮೊದಲನೇ ಪುಟ ಚೆನ್ನಾಗಿತ್ತು. ಎರಡನೇ ಪುಟಕ್ಕೆ ಮಧ್ಯದಲ್ಲಿ ಮಡಿಕೆ, ಕೆಳಗಿನ ಅಂಚು ಫೋಟೋದಲ್ಲೇ ಇಲ್ಲ. ಮೂರನೇ ಪುಟದಲ್ಲಿ ಗ್ರ್ಯಾಂಡ್ ಟೋಟಲ್ ಇರಬೇಕಾದ ಜಾಗದ ಮೇಲೆ ಅವರ ಹೆಬ್ಬೆರಳು.

ನಮ್ಮ ಆರ್ಟಿಕಲ್ ಹುಡುಗಿ ಎಕ್ಸೆಲ್‌ಗೆ ಏರಿಸಿದಳು. ಡೆಬಿಟ್ 92,05,050 ಬಂತು, ಕ್ರೆಡಿಟ್ 92,81,050. ಕ್ರೆಡಿಟ್ 76,000 ಜಾಸ್ತಿ.

ಇಂಥ ಹೊತ್ತಿನಲ್ಲಿ ಮಾಡುವ ಪರೀಕ್ಷೆಗಳು ಎಲ್ಲರಿಗೂ ಗೊತ್ತು. ವ್ಯತ್ಯಾಸ ಒಂಬತ್ತರಿಂದ ಭಾಗ ಆದರೆ ಅಂಕಿಗಳು ಹಿಂದುಮುಂದಾಗಿರಬಹುದು: 4,560 ಬದಲು 4,650 ಹೊಡೆದರೆ 90 ಬರುತ್ತದೆ. ಒಂದು ಸೊನ್ನೆ ಬಿಟ್ಟುಹೋದರೂ ಅಷ್ಟೇ, 4,500 ಬದಲು 450 ಹೊಡೆದರೆ 4,050, ಅದೂ ಒಂಬತ್ತರ ಲೆಕ್ಕವೇ. ನಮ್ಮ 76,000 ಒಂಬತ್ತರಿಂದ ಭಾಗ ಆಗುವುದಿಲ್ಲ. ಅಷ್ಟೇ ಮೊತ್ತದ ಲೆಡ್ಜರ್ ಏನಾದರೂ ಬಿಟ್ಟುಹೋಗಿದೆಯಾ ಅಂತ ಫೋಟೋ ನೋಡಿದೆವು, ಇಲ್ಲ. ಉಳಿದದ್ದು ಅರ್ಧದ ಪರೀಕ್ಷೆ. ಒಂದು ಮೊತ್ತ ತಪ್ಪು ಕಾಲಂಗೆ ಹೋದರೆ ಆ ಕಡೆ ಜಾಸ್ತಿ, ಈ ಕಡೆ ಕಮ್ಮಿ, ಹಾಗಾಗಿ ವ್ಯತ್ಯಾಸ ಎರಡು ಪಟ್ಟು ಬರುತ್ತದೆ. "38,000 ಎಲ್ಲಿದೆ ಹುಡುಕು" ಅಂದವಳು ನಾನೇ.

ಸಿಕ್ಕಿತು. "ಅಡ್ವಾನ್ಸ್ ಅಕೌಂಟ್ 38,000". ಅವಳು ಕ್ರೆಡಿಟ್‌ನಲ್ಲಿ ಹಾಕಿದ್ದಳು. ಅಡ್ವಾನ್ಸ್ ಅನ್ನುವ ಹೆಸರು ನೋಡಿದರೆ ಯಾವ ಕಡೆಯೂ ಇರಬಹುದು ಅಲ್ವಾ? ಗಿರಾಕಿಯಿಂದ ಬಂದದ್ದಾದರೆ ಕ್ರೆಡಿಟ್, ಸಪ್ಲೈಯರ್‌ಗೆ ಕೊಟ್ಟದ್ದಾದರೆ ಡೆಬಿಟ್. ಮಡಿಕೆ ಬಿದ್ದ ಪುಟದಲ್ಲಿ ಆ ಅಂಕಿ ಎರಡು ಕಾಲಂಗಳ ನಡುವೆ ನಿಂತ ಹಾಗೆ ಕಾಣುತ್ತಿತ್ತು. ಡೆಬಿಟ್‌ಗೆ ಸರಿಸಿದ ತಕ್ಷಣ ಎರಡೂ ಕಡೆ 92,43,050. ಸರ್ ಒಳಗಿನಿಂದ "ಆಯ್ತೇನಮ್ಮಾ?" ಅಂತ ಕೂಗಿದರು. ಬ್ಯಾಂಕಿನಿಂದ ಫೋನ್ ಬಂದಿತ್ತು.

"ಆಯ್ತು ಸರ್" ಅನ್ನುವುದಕ್ಕೆ ಬಾಯಿ ತೆರೆದಿದ್ದೆ. ತಡೆದದ್ದು ಒಂದೇ ವಿಷಯ. ನಾವು ಕಾಗದದಲ್ಲಿ ಕಂಡದ್ದನ್ನು ಓದಿ ಸರಿಸಿರಲಿಲ್ಲ. ಲೆಕ್ಕ ಕೂಡಲಿ ಅಂತ ಸರಿಸಿದ್ದೆವು. ಆ ಸಾಲು ಯಾವ ಕಾಲಂನಲ್ಲಿದೆ ಅಂತ ಅವಳ ಕಣ್ಣಿಗೂ ನನ್ನ ಕಣ್ಣಿಗೂ ಸ್ಪಷ್ಟ ಆಗಿರಲಿಲ್ಲ.

ಅಕೌಂಟೆಂಟ್‌ಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಊಟಕ್ಕೆ ಹೋಗಿದ್ದರು. ಸರ್ ಎರಡು ಸಲ ಬಾಗಿಲ ತನಕ ಬಂದು ಹೋದರು. "ಟ್ಯಾಲಿ ಆಗಿದೆ ಅಂದಮೇಲೆ ಇನ್ನೇನು?" ಅನ್ನುವ ಪ್ರಶ್ನೆಗೆ ಆ ಹೊತ್ತಿನಲ್ಲಿ ನೆಟ್ಟಗೆ ಉತ್ತರ ಹೇಳುವುದು ಕಷ್ಟ. ಕೊನೆಗೆ ಅಂಗಡಿಯ ಹುಡುಗನೊಬ್ಬ ಮೂರನೇ ಪುಟದ ಕೆಳಭಾಗ ಮಾತ್ರ ಫೋಟೋ ತೆಗೆದು ಕಳಿಸಿದ. ಗ್ರ್ಯಾಂಡ್ ಟೋಟಲ್ 92,18,050.

ಅಂದರೆ ನಮ್ಮ ಎರಡೂ ಕಡೆ 25,000 ಜಾಸ್ತಿ. ಒಂದಕ್ಕೊಂದು ಹೊಂದುತ್ತಿದ್ದವು, ಕಾಗದಕ್ಕೆ ಹೊಂದುತ್ತಿರಲಿಲ್ಲ.

ಟ್ಯಾಲಿ ಪ್ರಿಂಟ್‌ನಲ್ಲಿ ಎರಡು ಟೋಟಲ್ ಒಂದೇ ಇರುವುದರಲ್ಲಿ ವಿಶೇಷ ಏನಿಲ್ಲ. ಓಪನಿಂಗ್ ಬ್ಯಾಲೆನ್ಸ್‌ನಲ್ಲಿ ಎಡವಟ್ಟು ಇದ್ದರೂ ಅದು "ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್" ಅಂತ ಒಂದು ಸಾಲು ಹಾಕಿ ಸಮ ಮಾಡಿಬಿಡುತ್ತದೆ. ಹಾಗಾಗಿ ಫೋಟೋ ನೋಡಿ ಕೆಳಗಿನ ಎರಡು ಟೋಟಲ್ ಒಂದೇ ಇದೆ ಅಂತ ಟಿಕ್ ಹಾಕಿದರೆ ನಮ್ಮ ಓದು ಸರಿಯಿದೆ ಅಂತ ಆಗುವುದಿಲ್ಲ. ನಾವು ಓದಿ ಕೂಡಿಸಿದ ಡೆಬಿಟ್, ಪ್ರಿಂಟ್ ಆದ ಡೆಬಿಟ್‌ಗೆ ಸರಿ ಹೋಗಬೇಕು. ನಾವು ಕೂಡಿಸಿದ ಕ್ರೆಡಿಟ್, ಪ್ರಿಂಟ್ ಆದ ಕ್ರೆಡಿಟ್‌ಗೆ. ಎರಡೂ ಬೇರೆ ಬೇರೆ ಹೋಲಿಕೆ.

ಅಡ್ವಾನ್ಸ್ ಸಾಲನ್ನು ಮತ್ತೆ ಕ್ರೆಡಿಟ್‌ಗೆ ತಂದು, ಹಾಗೆ ಬೇರೆ ಬೇರೆ ಹೋಲಿಸಿದೆವು. ಡೆಬಿಟ್ 13,000 ಕಮ್ಮಿ. ಕ್ರೆಡಿಟ್ 63,000 ಜಾಸ್ತಿ. 76,000 ಅನ್ನುವ ಒಂದೇ ಸಂಖ್ಯೆ ಇಟ್ಟುಕೊಂಡು ತಡಕಾಡುತ್ತಿದ್ದವರಿಗೆ ಈಗ ಎರಡು ಸಂಖ್ಯೆ ಸಿಕ್ಕವು. ಎರಡು ಬೇರೆ ತಪ್ಪುಗಳು ಸೇರಿ ಆ 76,000 ಆಗಿತ್ತು. ಅದನ್ನು ಅರ್ಧ ಮಾಡಿದ್ದಕ್ಕೆ ಅರ್ಥವೇ ಇರಲಿಲ್ಲ. ಒಂದೇ ತಪ್ಪು ಇದ್ದಾಗ ಮಾತ್ರ ಅರ್ಧದ ಪರೀಕ್ಷೆ, ಒಂಬತ್ತರ ಪರೀಕ್ಷೆ ದಾರಿ ತೋರಿಸುತ್ತವೆ.

ಕ್ರೆಡಿಟ್‌ನಲ್ಲಿ 63,000 ಹುಡುಕಿದರೆ ನೇರ ಸಿಕ್ಕಿತು: ಎರಡನೇ ಪಾರ್ಟ್ನರ್ ಕ್ಯಾಪಿಟಲ್. ಅವರು ತಮ್ಮ ಪಾಲಿಗಿಂತ ಜಾಸ್ತಿ ತೆಗೆದಿದ್ದರು, ಕಾಗದದಲ್ಲಿ ಅದು ಡೆಬಿಟ್ ಕಾಲಂನಲ್ಲಿತ್ತು. ಕ್ಯಾಪಿಟಲ್ ಅಂದಮೇಲೆ ಕ್ರೆಡಿಟ್ ಅಂತ ಕೈ ತಾನಾಗಿ ಆ ಕಡೆ ಹೋಗಿತ್ತು. ಇದು ತುಂಬಾ ಸಲ ನಡೆಯುವಂಥದ್ದು. ಓಡಿ ಖಾತೆಯಲ್ಲಿ ಕೆಲವೊಮ್ಮೆ ನಮ್ಮ ಹಣವೇ ನಿಂತಿರುತ್ತದೆ, ಜಿಎಸ್‌ಟಿ ಲೆಡ್ಜರ್ ಯಾವ ಕಡೆಯೂ ಇರಬಹುದು, ಸಪ್ಲೈಯರ್‌ಗೆ ಜಾಸ್ತಿ ಕಟ್ಟಿದ್ದರೆ ಅವರೂ ಡೆಬಿಟ್‌ನಲ್ಲಿ ಬರುತ್ತಾರೆ. ಇಂಥ ಸಾಲುಗಳಲ್ಲಿ ಹೆಸರು ಓದಿ ಕಾಲಂ ಊಹಿಸಬಾರದು. ಅಂಕಿಯ ಬಲತುದಿ ಯಾವ ಕಾಲಂನ ಗೆರೆಗೆ ನಿಲ್ಲುತ್ತದೆ ಅಂತ ನೋಡಬೇಕು. ಪೈಸೆಯ ಚುಕ್ಕಿಗಳು ಒಂದರ ಕೆಳಗೊಂದು ಸಾಲಾಗಿ ಬರುವುದರಿಂದ ಫೋಟೋ ಓರೆಯಿದ್ದರೂ ಗೊತ್ತಾಗುತ್ತದೆ. ಹಾಗೆ ನೋಡಿದಾಗ 38,000 ಕ್ರೆಡಿಟ್‌ನ ಸಾಲಿನಲ್ಲೇ ಇತ್ತು.

63,000 ಡೆಬಿಟ್‌ಗೆ ಹೋಯಿತು. ಕ್ರೆಡಿಟ್ ಸರಿಯಾಯಿತು. ಡೆಬಿಟ್ ಈಗ 50,000 ಜಾಸ್ತಿ. ಐದರ ಹಿಂದೆ ಬರೀ ಸೊನ್ನೆಗಳು ಬಂದರೆ ನನಗೆ ಮೊದಲು ನೆನಪಾಗುವುದು ಮೂರು ಮತ್ತು ಎಂಟು. ಮಸುಕಾದ ಫೋಟೋದಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ, ಅವುಗಳ ವ್ಯತ್ಯಾಸ ಐದು. 1 ಮತ್ತು 7 ಅದಲು ಬದಲಾದರೆ ಆರು ಬರುತ್ತದೆ, 0 ಮತ್ತು 6 ಆದರೂ ಆರೇ. 50,000 ಅಂದರೆ ಹತ್ತು ಸಾವಿರದ ಸ್ಥಾನ. ಆ ಸ್ಥಾನದಲ್ಲಿ ನಾವು 8 ಅಂತ ಓದಿದ ಡೆಬಿಟ್ ಸಾಲುಗಳನ್ನಷ್ಟೇ ಗುರುತು ಹಾಕಿ, ಫೋಟೋ ದೊಡ್ಡದು ಮಾಡಿ ನೋಡಿದೆವು. ಒಬ್ಬ ಕಂಟ್ರಾಕ್ಟರ್ ಬಾಕಿ 1,85,300 ಅಂತ ಹೊಡೆದಿದ್ದು ನಿಜವಾಗಿ 1,35,300. ಮಡಿಕೆಯ ನೆರಳು ಮೂರರ ಎಡಭಾಗವನ್ನು ಮುಚ್ಚಿಬಿಟ್ಟಿತ್ತು.

ಈ ಹುಡುಕಾಟವನ್ನು ಎರಡು ಪುಟಕ್ಕೆ ಇಳಿಸಿದ್ದು ಮೊದಲ ಪುಟದ ಕೊನೆಯಲ್ಲಿದ್ದ "ಕ್ಯಾರೀಡ್ ಓವರ್" ಸಾಲು. ಅಲ್ಲಿಯ ತನಕದ ಮೊತ್ತ ಎರಡೂ ಕಾಲಂನಲ್ಲಿ ಪ್ರಿಂಟ್ ಆಗಿರುತ್ತದೆ. ನಮ್ಮದು ಅದಕ್ಕೆ ಸರಿ ಹೋಗಿದ್ದರಿಂದ ಮೊದಲ ಪುಟ ಮುಟ್ಟಲೇ ಇಲ್ಲ. ಆ ಸಾಲನ್ನೂ, ಮುಂದಿನ ಪುಟದ ಮೇಲೆ ಬರುವ "ಬ್ರಾಟ್ ಫಾರ್ವರ್ಡ್" ಸಾಲನ್ನೂ ಲೆಡ್ಜರ್ ಅಂತ ಏರಿಸಬಾರದು, ಅಷ್ಟೇ. ಗ್ರೂಪ್ ಬಿಚ್ಚಿ ಪ್ರಿಂಟ್ ತೆಗೆದಿದ್ದರೆ ಗ್ರೂಪ್ ಮೊತ್ತದ ಸಾಲಿಗೂ ಇದೇ ಮಾತು. ಇಲ್ಲದಿದ್ದರೆ ಒಂದೇ ಹಣ ಎರಡು ಸಲ ಕೂಡುತ್ತದೆ.

ಈಗ ಶೀಟಿನಲ್ಲಿ ಪ್ರಿಂಟ್ ಆದ ಟೋಟಲ್‌ಗಳನ್ನು ಮೊದಲೇ ಕೈಯಲ್ಲಿ ಹೊಡೆದು ಇಡುತ್ತೇವೆ. ಲೆಡ್ಜರ್ ಸಾಲುಗಳು ಆಮೇಲೆ. B ಡೆಬಿಟ್, C ಕ್ರೆಡಿಟ್, ಮೊದಲನೇ ಸಾಲಿನಲ್ಲಿ ಪ್ರಿಂಟ್ ಟೋಟಲ್:

```
=SUM(B3:B200)-B1
=SUM(C3:C200)-C1
```

ಎರಡೂ ಕಡೆ ಸೊನ್ನೆ ಬರಬೇಕು. ಎರಡೂ ಕಡೆ 25,000 ಬಂದರೆ ಅದು ಸಮ ಅಲ್ಲ, ತಪ್ಪು.

ಸೊನ್ನೆ ಬಂದಮೇಲೂ ಒಂದು ತಪ್ಪು ಉಳಿಯಬಹುದು. ಅವತ್ತು ಉಳಿದೂ ಇತ್ತು. ಮಡಿಕೆಯ ಕೆಳಗೆ ಹೆಸರುಗಳು ಒಂದು ಮಟ್ಟದಲ್ಲಿ, ಅಂಕಿಗಳು ಅರ್ಧ ಸಾಲು ಕೆಳಗೆ ಇದ್ದವು. ಅದರಿಂದ ಕರೆಂಟ್ ಬಿಲ್ಲಿನ ಎದುರು ಸಾಗಣೆಯ 86,500, ಸಾಗಣೆಯ ಎದುರು ಕರೆಂಟಿನ 42,400 ಬಂದಿತ್ತು. ಎರಡೂ ಡೆಬಿಟ್ ಆಗಿದ್ದರಿಂದ ಯಾವ ಟೋಟಲೂ ಅಲುಗಲಿಲ್ಲ. ಇದನ್ನು ಹಿಡಿಯಲು ಕೂಡುವ ಲೆಕ್ಕ ಸಾಲದು. ಒಬ್ಬರು ಶೀಟಿನಿಂದ ಹೆಸರು, ಮೊತ್ತ ಓದಬೇಕು, ಇನ್ನೊಬ್ಬರು ಫೋಟೋದ ಮೇಲೆ ಸ್ಕೇಲ್ ಇಟ್ಟು ಸಾಲು ಹಿಡಿಯಬೇಕು. ಹೋದ ವರ್ಷದ ಅಂಕಿ ಪಕ್ಕದಲ್ಲಿ ಇಟ್ಟುಕೊಂಡರೆ ಇನ್ನೂ ಬೇಗ ಗೊತ್ತಾಗುತ್ತದೆ. ಕರೆಂಟ್ ಬಿಲ್ಲು ಇದ್ದಕ್ಕಿದ್ದ ಹಾಗೆ ಎರಡು ಪಟ್ಟಾದದ್ದನ್ನು ಆ ಹುಡುಗಿಯೇ ಮೊದಲು ಕಂಡಳು.

ನನಗೆ ಬೇಜಾರಾಗುವುದು ಇದೆಲ್ಲ ಬೇಕಾಗಿಯೇ ಇರಲಿಲ್ಲವಲ್ಲ ಅನ್ನುವುದು. ಟ್ಯಾಲಿಯಿಂದ ಅದೇ ಟಿಬಿಯನ್ನು ಎಕ್ಸೆಲ್ ಆಗಿ ನೇರ ತೆಗೆಯಬಹುದು. ಸರ್‌ಗೆ ಎಷ್ಟು ಸಲ ಹೇಳಿದರೂ "ಪಾರ್ಟಿಗೆ ಯಾಕೆ ತೊಂದರೆ, ಫೋಟೋ ಸಾಕು" ಅನ್ನುತ್ತಾರೆ. ಆ ತೊಂದರೆ ನಮ್ಮ ಮೇಜಿಗೆ ಬರುತ್ತದೆ. ಫೋಟೋನೇ ಕಳಿಸುವುದಾದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಪಾರ್ಟಿಗಳಿಗೆ ನಾನೇ ಹೇಳುತ್ತಿದ್ದೇನೆ, ಸುಮ್ನೆ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಅಂಕಿ ಮಸುಕಾಗುತ್ತದೆ. ಪುಟದ ನಾಲ್ಕೂ ಮೂಲೆ ಕಾಣದ ಫೋಟೋ ಬಂದರೆ ಏರಿಸುವ ಮೊದಲೇ ವಾಪಸ್ ಕೇಳುತ್ತೇವೆ.

ಕೈಬರಹದ ಟಿಬಿ ಮಾತ್ರ ಬೇರೆ ಲೆಕ್ಕ. ಈಗಲೂ ಪುಸ್ತಕ ಬರೆಯುವ ಒಂದೆರಡು ಅಂಗಡಿಗಳು ನಮ್ಮಲ್ಲಿವೆ. ಅಲ್ಲಿ ಕೆಳಗಿನ ಟೋಟಲ್ ಕೂಡಾ ಯಾರೋ ಕೂತು ಕೂಡಿಸಿದ್ದು, ಅದೇ ತಪ್ಪಿರಬಹುದು. ನಮ್ಮ ಓದು ಅದಕ್ಕೆ ಸರಿ ಹೋಗದಿದ್ದರೆ ಮೊದಲು ಅಂಕಿಗಳನ್ನು ಒಂದೊಂದಾಗಿ ಫೋಟೋ ಜೊತೆ ಓದಿ ನೋಡುತ್ತೇವೆ. ಆಮೇಲೂ ವ್ಯತ್ಯಾಸ ಉಳಿದರೆ ಫೋಟೋದಿಂದ ಬಗೆಹರಿಯುವುದಿಲ್ಲ, ಲೆಡ್ಜರ್ ಪುಸ್ತಕ ತರಿಸಿಕೊಳ್ಳುತ್ತೇವೆ.